ಕಣ್ಣು ಹತ್ತಿದರೆ ‘ಆಂಖ್ ಲಗನಾ’

ಹೈಸ್ಕೂಲಿನ ತೃತೀಯ ಭಾಷೆ ಹಿಂದಿಯಲ್ಲಿ ‘ಮುಹಾವರೆ’ಗಳನ್ನು ಅರ್ಥದೊಂದಿಗೆ ಹೊಂದಿಸುವುದು ನಮ್ಮ ಕಡೆಯ ಮಕ್ಕಳಿಗೆ ಅಷ್ಟೇನೂ ಕಷ್ಟವಲ್ಲ. ಆಳಂದದ ಸಂತೆಯಲ್ಲಿ, ಜೇವರ್ಗಿಯ ಬಸ್ ನಿಲ್ದಾಣದಲ್ಲಿ ದಖನಿ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಜೊತೆಗೆ ನಮ್ಮ ಕನ್ನಡವೂ ನೆರವಿಗಿದೆ. ಹಿಂದಿಯ ‘ಲಗನಾ’ ಮತ್ತು ನಮ್ಮ ‘ಹತ್ತು’ ಎಷ್ಟೋ ಕಡೆ ಒಂದೇ. ‘ಆಗ್ ಲಗೀ’ ಎಂದರೆ ಬೆಂಕಿ ಹತ್ತಿತು, ‘ಆಂಖ್ ಲಗೀ’ ಎಂದರೆ ಕಣ್ಣು ಹತ್ತಿತು, ಅಂದರೆ ನಿದ್ದೆ ಬಂತು. ಬೆಂಗಳೂರಿನ ಹುಡುಗರಿಗೆ ಈ ಲಾಭ ಇರಲಿಕ್ಕಿಲ್ಲ!

‘ನೌ ದೋ ಗ್ಯಾರಹ್ ಹೋನಾ’ ಎಂಬುದಕ್ಕೆ ಮಾತ್ರ ಪದಶಃ ಅರ್ಥ ಹುಡುಕಿದರೆ ಲೆಕ್ಕದ ಪುಸ್ತಕ ತೆಗೆಯಬೇಕಾಗುತ್ತದೆ. ಅದಕ್ಕೆ ‘ಕಾಲಿಗೆ ಬುದ್ಧಿ ಹೇಳು’ ಎಂಬ ನಮ್ಮ ಜೋಡಿಯನ್ನು ನೆನಪಿಟ್ಟರೆ ಸಾಕು.

ಪೇಚಾಟ ಶುರುವಾಗುವುದು ಸ್ವಂತ ವಾಕ್ಯ ಬರೆಯುವಾಗ. ‘ಪಾನೀ ಪಾನೀ ಹೋನಾ’ ಎಂದರೆ ತೀರಾ ನಾಚಿಕೆಯಾಗುವುದು. ಭೀಮಾ ನದಿಯ ಪ್ರವಾಹ ನೋಡಿದ ಅಫಜಲಪುರದ ಹುಡುಗನೊಬ್ಬ ಹೀಗೆ ಬರೆದಾನು: ‘ಬಾರಿಶ್ ಸೇ ಖೇತ್ ಪಾನೀ ಪಾನೀ ಹೋ ಗಯಾ.’ ವಾಕ್ಯ ಓದಲು ಸರಿಯಾಗಿಯೇ ಇದೆ, ಆದರೆ ಅದರಲ್ಲಿರುವುದು ಬರೀ ನೀರು, ಮುಹಾವರೆ ಅಲ್ಲ. ಇದನ್ನು ಪತ್ತೆಹಚ್ಚಲು ಒಂದು ಸುಲಭ ಪರೀಕ್ಷೆ ಇದೆ. ಮುಹಾವರೆ ತೆಗೆದು ಆ ಜಾಗದಲ್ಲಿ ಅರ್ಥವನ್ನು ಇಟ್ಟು ನೋಡಬೇಕು. ‘ಮಳೆಯಿಂದ ಹೊಲ ನಾಚಿಕೊಂಡಿತು’ ಎಂದಾಗುತ್ತದೆ. ಹೊಲ ನಾಚುವುದಿಲ್ಲ. ಹಾಗಾದರೆ ನಾಚುವ ಮನುಷ್ಯ ಬೇಕು, ನಾಚಲು ಒಂದು ಕಾರಣವೂ ಬೇಕು: ‘ಝೂಠ್ ಪಕಡಾ ಗಯಾ ತೋ ರಮೇಶ್ ಪಾನೀ ಪಾನೀ ಹೋ ಗಯಾ.’ ಸುಳ್ಳು ಸಿಕ್ಕಿಬಿದ್ದಾಗ ರಮೇಶನಿಗೆ ನಾಚಿಕೆಯಾಯಿತು. ಈಗ ಅರ್ಥ ಕೂಡಿತು. ಕಾರಣ ಬಿಟ್ಟು ಬರೀ ‘ರಮೇಶ್ ಪಾನೀ ಪಾನೀ ಹೋ ಗಯಾ’ ಎಂದರೆ ತಪ್ಪಿಲ್ಲ, ಆದರೆ ಬರೆದವನಿಗೆ ಅರ್ಥ ಗೊತ್ತಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಈ ಪರೀಕ್ಷೆ ಅರ್ಥವನ್ನಷ್ಟೇ ಹಿಡಿಯುತ್ತದೆ, ವ್ಯಾಕರಣವನ್ನಲ್ಲ. ‘ಮೈಂ ಆಂಖ್ ಲಗ್ ಗಯಾ’ ಎಂದು ಬರೆದರೂ ಅರ್ಥ ಊಹಿಸಬಹುದು, ಆದರೆ ಅದು ತಪ್ಪು. ಅಲ್ಲಿ ಹತ್ತಿದ್ದು ಕಣ್ಣು, ನಾನಲ್ಲ. ಹಿಂದಿಯಲ್ಲಿ ‘ಆಂಖ್’ ಸ್ತ್ರೀಲಿಂಗ, ಆದ್ದರಿಂದ ‘ಪಢತೇ ಪಢತೇ ಮೇರೀ ಆಂಖ್ ಲಗ್ ಗಯೀ’ ಎಂದೇ ಬರೆಯಬೇಕು, ಬರೆಯುವವನು ಹುಡುಗನಾದರೂ.

ಇನ್ನೊಂದು ಕಡೆ ನಮಗೆ ನೆರವಾದ ದಖನಿಯೇ ಕೈಕೊಡುತ್ತದೆ. ‘ದಾಂತ್ ಖಟ್ಟೇ ಕರನಾ’ ಎಂದರೆ ಎದುರಾಳಿಯನ್ನು ಚೆನ್ನಾಗಿ ಸೋಲಿಸುವುದು. ನಮ್ಮ ಸಂತೆಯ ಮಾತಿನಲ್ಲಿ ‘ನೇ’ ಪ್ರತ್ಯಯ ಕೇಳಿಸುವುದೇ ಇಲ್ಲ, ಹೀಗಾಗಿ ಮಕ್ಕಳ ವಾಕ್ಯದಲ್ಲೂ ಅದು ಬಿಟ್ಟುಹೋಗುತ್ತದೆ. ಪರೀಕ್ಷೆಯ ಹಿಂದಿಗೆ ಅದು ಬೇಕೇ ಬೇಕು: ‘ಹಮಾರೀ ಕಬಡ್ಡೀ ಟೀಮ್ ನೇ ವಿರೋಧಿಯೋಂ ಕೇ ದಾಂತ್ ಖಟ್ಟೇ ಕರ್ ದಿಯೇ.’ ಟೀಮ್ ಸ್ತ್ರೀಲಿಂಗವಾದರೂ ಕ್ರಿಯಾಪದ ‘ದಿಯೇ’ ಆಗಿದೆ. ಏಕೆಂದರೆ ‘ನೇ’ ಬಂದ ಮೇಲೆ ಅದು ಹಲ್ಲುಗಳನ್ನು ಹಿಂಬಾಲಿಸುತ್ತದೆ, ಆಟಗಾರರನ್ನಲ್ಲ.