ತಮಟೆ ಸದ್ದಿನಲ್ಲೂ ಕೇಳಿಸುವ ಹೆಸರು

ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಪೂರ್ತಿ ಹೆಸರಿನಲ್ಲಿ ‘ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ’ ಎಂಬುದೂ ಇತ್ತು. ಜನರ ಬಾಯಲ್ಲಿ ಉಳಿದದ್ದು ‘ಗುಬ್ಬಿ ಕಂಪನಿ’. ಆದರೂ ಕಂಪನಿಗೆ ಉದ್ದದ ಹೆಸರು ಹೊರೆಯಾಗಲಿಲ್ಲ. ಅದನ್ನು ಅಚ್ಚು ಹಾಕಲು ಭಿತ್ತಿಪತ್ರ, ಟಿಕೆಟ್ಟು, ಪರದೆ ಎಲ್ಲ ಇದ್ದವು. ಬೀದಿ ನಾಟಕದವರಿಗೆ ಅದ್ಯಾವುದೂ ಇಲ್ಲ. ಬಸ್ ನಿಲ್ದಾಣದ ಪಕ್ಕ ತಮಟೆ ಬಡಿದು ಜನ ಸೇರಿಸಿ, ನಾವು ಇಂಥವರು ಎಂದು ಒಮ್ಮೆ ಕೂಗುತ್ತಾರೆ. ಅಷ್ಟರಲ್ಲಿ ಹೆಸರು ಕಿವಿಗೆ ಬೀಳಬೇಕು.

ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಮಾದರಿ ‘ಸಮುದಾಯ’. 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ತಂಡ, ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯೆಯ ಮೇಲೆ ‘ಬೆಲ್ಚಿ’ ನಾಟಕವನ್ನು ಬೀದಿಗೆ ತಂದಿತು. ಹೆಸರಿನಲ್ಲಿ ಒಂದೇ ಪದ, ಒಂದೂ ಒತ್ತಕ್ಷರವಿಲ್ಲ. ಒಂದೇ ಸಮಸ್ಯೆಗೆ ಅಂಟಿಕೊಂಡದ್ದೂ ಅಲ್ಲ, ಹಾಗಾಗಿ ಇಂದು ಜಾತಿ, ನಾಳೆ ಬರ ಎಂದು ವಿಷಯ ಬದಲಾದರೂ ಹೆಸರು ಹಳತಾಗಲಿಲ್ಲ.

ಹೊಸ ತಂಡವೊಂದು ‘ಪ್ರಜ್ಞಾ ಸಾಂಸ್ಕೃತಿಕ ಜಾಗೃತಿ ವೇದಿಕೆ’ ಎಂದು ಇಟ್ಟುಕೊಳ್ಳುತ್ತದೆ ಎನ್ನಿ. ತಮಟೆ ಬಾರಿಸುತ್ತಿರುವಾಗ ಮೂವತ್ತು ಅಡಿ ದೂರದಿಂದ ಒಬ್ಬರು ಇದನ್ನು ಒಮ್ಮೆ ಕೂಗಲಿ. ತಂಡಕ್ಕೆ ಸೇರದವರೊಬ್ಬರು ಮರಳಿ ಹೇಳಲಿ. ‘ಪ್ರಗ್ನಾ’, ‘ಪ್ರಾಜ್ಞ’ ಅಂತ ಏನೋ ಬರುತ್ತದೆ, ಉಳಿದದ್ದು ಗಾಳಿಗೆ. ಅದಕ್ಕಿಂತ ದೊಡ್ಡ ತೊಡಕು ‘ಜಾಗೃತಿ’ಯದು. ಅದು ಇಲಾಖೆಯ ಕಾರ್ಯಕ್ರಮದ ಹಾಗೆ ಕೇಳಿಸುತ್ತದೆ, ಜೊತೆಗೆ ನೋಡಲು ಬಂದವರನ್ನು ನಿದ್ದೆಯಲ್ಲಿದ್ದೀರಿ ಎಂದೂ ಅಂದಂತಾಗುತ್ತದೆ. ಇನ್ನು ‘ಪಾನಮುಕ್ತ ಕಲಾತಂಡ’ ಎಂದರೆ ಮುಂದಿನ ವರ್ಷ ವರದಕ್ಷಿಣೆಯ ನಾಟಕ ಆಡುವಾಗಲೂ ‘ಕುಡಿತದ ನಾಟಕದೋರು ಬಂದ್ರು’ ಅನ್ನಿಸಿಕೊಳ್ಳಬೇಕು. ಅದೇ ‘ಕೂಗು’ ಎಂದಿಡಿ, ಎಲ್ಲರ ನಾಲಿಗೆಗೂ ಒಗ್ಗುತ್ತದೆ. ಅದರಲ್ಲೂ ಒಂದು ಕೊರತೆಯಿದೆ: ಏನು ಮಾಡುವವರು ಎಂದು ತಿಳಿಯುವುದಿಲ್ಲ. ‘ಯಾವ ಪಾರ್ಟಿಯೋರಪ್ಪಾ?’ ಎಂದು ಹಿರಿಯರೊಬ್ಬರು ಕೇಳಿಯೇ ಕೇಳುತ್ತಾರೆ. ‘ಕೂಗು ನಾಟಕ ತಂಡ’ ಎಂದರೆ ಅರ್ಧ ಉತ್ತರ ಸಿಕ್ಕಂತೆ; ಉಳಿದರ್ಧವನ್ನು ನಾಟಕವೇ ಕೊಡಬೇಕು.

ನೋಂದಣಿ ಮಾಡಿಸುವಾಗ ಮತ್ತೊಂದು ಗಂಟು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಕನಿಷ್ಠ ಏಳು ಮಂದಿ ಬೇಕು. ಆಗಲೇ ಇರುವ ಸಂಘದ ಹೆಸರನ್ನೇ ಹೋಲುವ ಹೆಸರು ಸಿಗುವುದಿಲ್ಲ. ಚಂದದ ಒಂಟಿ ಪದಗಳನ್ನು ಯಾರೋ ಮೊದಲೇ ಹಿಡಿದಿರುವ ಸಾಧ್ಯತೆಯೇ ಹೆಚ್ಚು. ಹಾಗಾದಾಗ ಊರನ್ನೋ ತಾಲ್ಲೂಕನ್ನೋ ಸೇರಿಸಿ ಬೇರೆ ಮಾಡಿಕೊಳ್ಳಬಹುದು. ಬೀದಿಯಲ್ಲಿ ಆ ಬಾಲವನ್ನು ಬಿಟ್ಟು ಕೂಗಿದರಾಯಿತು. ಬ್ಯಾಂಕ್ ಖಾತೆ, ರಸೀದಿ, ಇಲಾಖೆಗೆ ಕೊಡುವ ಬಿಲ್ಲುಗಳಲ್ಲಿ ಮಾತ್ರ ಬಾಲಸಮೇತ ಪೂರ್ತಿ ಹೆಸರು ಒಂದೇ ರೀತಿ ಇರಬೇಕು. ಒಂದಕ್ಷರ ಹೆಚ್ಚುಕಡಿಮೆಯಾದರೂ ಚೆಕ್ಕು ವಾಪಸ್ಸಾಗಬಹುದು. ಕಲಾವಿದರ ಬಸ್ ಚಾರ್ಜು ಅಲ್ಲಿಗೇ ನಿಂತುಹೋಗುತ್ತದೆ.