ಮೈಕ್ರೊವೇವ್‌ನಲ್ಲಿ ಅನ್ನ ಅರಳಬೇಕಾದರೆ

ಅನ್ನ ಮಾಡಲು ಹೋಗಿ ಮೈಕ್ರೊವೇವ್ ಒಲೆಯೊಳಗೆಲ್ಲ ಗಂಜಿ ಉಕ್ಕಿಸಿಕೊಂಡವರು ಸಾಮಾನ್ಯವಾಗಿ ಎರಡನೇ ಸಲ ಆ ಗೋಜಿಗೆ ಹೋಗುವುದಿಲ್ಲ. ತಿರುಗುವ ಗಾಜಿನ ತಟ್ಟೆಯ ತುಂಬ ಅಂಟುನೀರು, ಪಾತ್ರೆಯ ಅಂಚಿನಲ್ಲಿ ಮುದ್ದೆಯಾದ ಅನ್ನ, ನಡುವೆ ಹಲ್ಲಿಗೆ ಸಿಗುವ ಹಸಿ ಅಗುಳು. ಅಲ್ಲಿಂದಾಚೆಗೆ ಆ ಒಲೆ ನಿನ್ನೆಯ ಸಾರು ಬಿಸಿ ಮಾಡುವುದಕ್ಕಷ್ಟೇ ಮೀಸಲಾಗುತ್ತದೆ. ಗ್ಯಾಸ್ ಒಲೆ ಇಡಲು ಬಿಡದ ಪಿ.ಜಿ. ಕೋಣೆಗಳಲ್ಲಿ, ಪರದೇಶದ ಹಾಸ್ಟೆಲ್‌ಗಳಲ್ಲಿ ಇರುವವರಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ.

ತಪ್ಪು ಒಲೆಯದಲ್ಲ. ಅಕ್ಕಿಗೂ ತರಕಾರಿಗೂ ಒಂದೇ ರೀತಿ, ಪೂರ್ತಿ ಪವರ್‌ನಲ್ಲಿ, ಒಂದೇ ಓಟಕ್ಕೆ ಶಾಖ ಕೊಡುವುದರಿಂದ ಹೀಗಾಗುತ್ತದೆ. ಇವೆರಡರ ಅಗತ್ಯ ಬೇರೆ ಬೇರೆ.

ಮೈಕ್ರೊವೇವ್ ಅಲೆಗಳು ಬಿಸಿ ಮಾಡುವುದು ಮುಖ್ಯವಾಗಿ ಆಹಾರದಲ್ಲಿರುವ ನೀರನ್ನು. ಅಲೆಗಳು ಹೊರಗಿನಿಂದ ಕೆಲವೇ ಸೆಂಟಿಮೀಟರ್ ಆಳಕ್ಕೆ ಬಲವಾಗಿ ಇಳಿಯುತ್ತವೆ. ಅದಕ್ಕಿಂತ ಒಳಗಿನ ಭಾಗ ಸುತ್ತಲಿನ ಬಿಸಿ ಹರಿದು ಬಂದಮೇಲೆ ಬೇಯುತ್ತದೆ. ಹುರುಳಿಕಾಯಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರುವುದರಿಂದ ಅದು ತನ್ನ ನೀರಿನಲ್ಲೇ ಬೇಗ ಬೇಯುತ್ತದೆ. ಅಕ್ಕಿ ಹಾಗಲ್ಲ. ಒಣಗಿದ ಕಾಳಿನೊಳಗೆ ನೀರು ಹೊಕ್ಕು, ಅಲ್ಲಿನ ಪಿಷ್ಟ ಅದನ್ನು ಹೀರಿ ಉಬ್ಬಿದಾಗ ಮಾತ್ರ ಅಕ್ಕಿ ಅನ್ನವಾಗುತ್ತದೆ. ನೀರು ಕಾಳಿನ ನಡುವಿನವರೆಗೆ ಹೋಗಲು ಬೇಕಾದ ಸಮಯವನ್ನು ಯಾವ ಅಲೆಯೂ ಹೆಚ್ಚು ಕಡಿಮೆ ಮಾಡಲಾರದು. ಹಾಗಾಗಿ ಅನ್ನಕ್ಕೆ ಎರಡು ಹಂತ ಬೇಕು. ಮೊದಲು ಪೂರ್ತಿ ಪವರ್‌ನಲ್ಲಿ ನೀರನ್ನು ಕುದಿಗೆ ತರಬೇಕು, ಆಮೇಲೆ ಕಡಿಮೆ ಪವರ್‌ನಲ್ಲಿ ಆ ಕುದಿಯನ್ನು ಹಿಡಿದಿಡಬೇಕು.

ಇಬ್ಬರಿಗೆ ಸಾಕಾಗುವ ಒಂದು ಲೋಟ ಸೋನಾ ಮಸೂರಿ ಅಕ್ಕಿಯನ್ನೇ ತೆಗೆದುಕೊಳ್ಳೋಣ. 200 ಮಿಲಿಲೀಟರ್ ಲೋಟವಾದರೆ ಅಕ್ಕಿ ಸುಮಾರು 170 ಗ್ರಾಂ ಇರುತ್ತದೆ. ಅದನ್ನು ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಕಾಳಿನ ಮೇಲಿನ ಪಿಷ್ಟದ ಪುಡಿಯೇ ನೊರೆಯಾಗಿ ಉಕ್ಕುವುದರಿಂದ ಈ ತೊಳೆಯುವ ಕೆಲಸವನ್ನು ಬಿಡುವಂತಿಲ್ಲ. ಇಪ್ಪತ್ತು ನಿಮಿಷ ನೆನೆಸಿ, ಆ ನೀರನ್ನು ಪೂರ್ತಿ ಬಸಿದು, ಹೊಸದಾಗಿ ಅದೇ ಲೋಟದಲ್ಲಿ ಎರಡು ಲೋಟ ನೀರು ಅಳೆದು ಹಾಕಬೇಕು. ಹಳೆಯ ಅಕ್ಕಿಗೆ ಎರಡು ಚಮಚ ನೀರು ಹೆಚ್ಚು ಬೇಕು, ಹೊಸ ಅಕ್ಕಿಗೆ ಅಷ್ಟೇ ಕಡಿಮೆ ಸಾಕು. ಅರ್ಧ ಚಮಚ ಎಣ್ಣೆ ಅಥವಾ ತುಪ್ಪ ಬಿಟ್ಟರೆ ನೊರೆ ಇನ್ನಷ್ಟು ತಗ್ಗುತ್ತದೆ.

ಪಾತ್ರೆ ಎತ್ತರವಾಗಿರಬೇಕು. ಅಕ್ಕಿ, ನೀರು ಸೇರಿ ಅರ್ಧ ಲೀಟರ್ ಆಸುಪಾಸಿನಲ್ಲಿದ್ದರೂ ಪಾತ್ರೆ ಎರಡು ಲೀಟರಿನದಾಗಿದ್ದರೆ ನೊರೆ ಏರಿ ಇಳಿಯಲು ಜಾಗ ಸಿಗುತ್ತದೆ. ಶಾಖ ತಡೆಯುವ ಬೋರೋಸಿಲಿಕೇಟ್ ಗಾಜಿನ ಪಾತ್ರೆ ಎಲ್ಲಕ್ಕಿಂತ ಒಳ್ಳೆಯದು. ಪ್ಲಾಸ್ಟಿಕ್ ಡಬ್ಬಿಯಾದರೆ ಮೈಕ್ರೊವೇವ್‌ಗೆ ಆಗುತ್ತದೆಂಬ ಗುರುತು ಅದರ ಮೇಲಿರಲೇಬೇಕು. ಸ್ಟೀಲ್ ಪಾತ್ರೆ ಅಲೆಗಳನ್ನು ಒಳಗೆ ಬಿಡದೆ ಹಿಂದಕ್ಕೆ ಹೊಡೆಯುತ್ತದೆ. ಬಂಗಾರದ ಬಣ್ಣದ ಅಂಚಿರುವ ಪಿಂಗಾಣಿಯಲ್ಲೂ ಲೋಹವಿರುವುದರಿಂದ ಕಿಡಿ ಹಾರಬಹುದು.

ಈಗ 800 ವಾಟ್ ಒಲೆಯಲ್ಲಿ ಪಾತ್ರೆಯನ್ನು ಮುಚ್ಚಳವಿಲ್ಲದೆ ಇಟ್ಟು, ಪೂರ್ತಿ ಪವರ್‌ನಲ್ಲಿ ಐದರಿಂದ ಆರು ನಿಮಿಷ ಕುದಿಸಬೇಕು. ಈ ಸಮಯ ಅಂದಾಜಿಗೆ ಬಂದದ್ದಲ್ಲ. ಇಷ್ಟು ನೀರು ಮತ್ತು ಅಕ್ಕಿಯನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 146 ಕಿಲೊಜೌಲ್ ಶಾಖ ಬೇಕು. 800 ವಾಟ್ ಎಂದರೆ ಸೆಕೆಂಡಿಗೆ 800 ಜೌಲ್. ಅಂದರೆ ಏನೂ ಸೋರದಿದ್ದರೆ ಮೂರು ನಿಮಿಷ ಸಾಕು. ಪಾತ್ರೆ ಕಾಯುವುದು, ಹಬೆ ಹೋಗುವುದು ಎಲ್ಲ ಸೇರಿ ಐದು ನಿಮಿಷ ದಾಟುತ್ತದೆ. ಒಲೆ 700 ವಾಟಿನದಾದರೆ ಮತ್ತೊಂದು ನಿಮಿಷ ಬೇಕಾಗಬಹುದು. ಇಲ್ಲಿ ನೋಡಬೇಕಾದದ್ದು ಅಡುಗೆಗೆ ಸಿಗುವ ವಾಟ್. ಒಲೆ ಎಳೆಯುವ ವಿದ್ಯುತ್ತಿನ ವಾಟ್ ಅದಕ್ಕಿಂತ ಹೆಚ್ಚಿರುತ್ತದೆ, ಎರಡನ್ನೂ ಒಲೆಯ ಕೈಪಿಡಿಯಲ್ಲಿ ಬೇರೆಬೇರೆಯಾಗಿ ಬರೆದಿರುತ್ತಾರೆ.

ನೀರು ಚೆನ್ನಾಗಿ ಕುದಿ ಹಿಡಿದ ಮೇಲೆ ಮುಚ್ಚಳವನ್ನು ಓರೆಯಾಗಿಟ್ಟು, ಪವರನ್ನು 50ಕ್ಕೆ ಇಳಿಸಿ ಹತ್ತು ನಿಮಿಷ ಬೇಯಿಸಬೇಕು. ಸಾದಾ ಒಲೆಗಳಲ್ಲಿ 50 ಎಂದರೆ ಅಲೆಗಳ ಬಲ ಅರ್ಧವಾಗುವುದಿಲ್ಲ. ಅಲೆ ಹೊರಡಿಸುವ ಮ್ಯಾಗ್ನೆಟ್ರಾನ್ ಕೆಲವು ಸೆಕೆಂಡು ಪೂರ್ತಿ ಬಲದಲ್ಲಿ ನಡೆದು, ಮತ್ತೆ ಕೆಲವು ಸೆಕೆಂಡು ಸುಮ್ಮನಿರುತ್ತದೆ. ಕಿವಿಗೊಟ್ಟರೆ ಒಲೆಯ ಗುಂಯ್‌ಗುಟ್ಟುವ ಸದ್ದು ಬದಲಾಗುವುದು ಕೇಳುತ್ತದೆ. ಆ ಬಿಡುವಿನಲ್ಲಿ ನೊರೆ ಕುಸಿಯುತ್ತದೆ, ಅಕ್ಕಿ ನೀರು ಕುಡಿಯುತ್ತದೆ. ಇನ್ವರ್ಟರ್ ಒಲೆಗಳಲ್ಲಿ ಮಾತ್ರ ಬಲವೇ ನಿಜವಾಗಿ ತಗ್ಗುತ್ತದೆ.

ಮೇಲೆ ಸಣ್ಣ ಸಣ್ಣ ತೂತುಗಳು ಮೂಡಿ, ಪಾತ್ರೆ ಓರೆ ಮಾಡಿದಾಗ ನೀರು ಹರಿಯದಿದ್ದರೆ ಒಲೆಯ ಕೆಲಸ ಮುಗಿಯಿತು. ಅನ್ನದ ಕೆಲಸ ಮಾತ್ರ ಇನ್ನೂ ಮುಗಿದಿರುವುದಿಲ್ಲ. ಈಗ ಮುಚ್ಚಳವನ್ನು ಸರಿಯಾಗಿ ಮುಚ್ಚಿ ಎಂಟು ಹತ್ತು ನಿಮಿಷ ಕೈ ಹಾಕದೆ ಬಿಡಬೇಕು. ಅಂಚಿನ ಬಿಸಿ ನಡುವಿಗೆ ಹರಿಯುವುದು, ಅಗುಳುಗಳ ಮೇಲೆ ಉಳಿದ ತೇವ ಒಳಗೆ ಸೇರುವುದು ಈ ಹೊತ್ತಿನಲ್ಲೇ. ಕೂಡಲೇ ಸೌಟು ಹಾಕಿ ಕೆದಕಿದರೆ ಅಗುಳು ಮುರಿದು ಅನ್ನ ಅಂಟಾಗುತ್ತದೆ. ಆಮೇಲೆ ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಬೇಕು. ನಡುವೆ ಬಿಳಿ ಚುಕ್ಕೆ ಉಳಿದಿದ್ದರೆ ಎರಡು ಚಮಚ ಬಿಸಿನೀರು ಚಿಮುಕಿಸಿ, 50ರ ಪವರ್‌ನಲ್ಲಿ ಎರಡು ನಿಮಿಷ ಬೇಯಿಸಿ, ಮತ್ತೆ ಮುಚ್ಚಿಟ್ಟರೆ ಸರಿಹೋಗುತ್ತದೆ.

ತರಕಾರಿಗೆ ಈ ಲೆಕ್ಕವೆಲ್ಲ ತಿರುವುಮುರುವು. ಪಾತ್ರೆ ಅಗಲವಾಗಿ, ಆಳ ಕಡಿಮೆ ಇರಬೇಕು. ನೀರು ಹಬೆಗೆ ಬೇಕಾದಷ್ಟೇ ಸಾಕು, ಪವರ್ ಕೊನೆಯವರೆಗೂ ಪೂರ್ತಿ. ಕಾಲು ಕಿಲೊ ಹುರುಳಿಕಾಯಿ ಮತ್ತು ಕ್ಯಾರೆಟ್ಟನ್ನು ಒಂದೇ ಅಳತೆಯ ಸಣ್ಣ ಹೋಳು ಮಾಡಿ, ಮೂರು ದೊಡ್ಡ ಚಮಚ ನೀರು ಚಿಮುಕಿಸಿ, ಮುಚ್ಚಳವನ್ನು ಸ್ವಲ್ಪ ಸಂದು ಬಿಟ್ಟು ಮುಚ್ಚಬೇಕು. ಮೂರು ನಿಮಿಷದ ನಂತರ ತೆಗೆದು, ಅಂಚಿನ ಹೋಳು ನಡುವಿಗೆ, ನಡುವಿನದು ಅಂಚಿಗೆ ಬರುವಂತೆ ಕಲಸಿ, ಮತ್ತೆರಡು ನಿಮಿಷ ಇಡಬೇಕು. ಹೋಳು ಇನ್ನೂ ತುಸು ಗಟ್ಟಿ ಇರುವಾಗಲೇ ನಿಲ್ಲಿಸಿ, ಮುಚ್ಚಿಯೇ ಎರಡು ನಿಮಿಷ ಬಿಟ್ಟರೆ ಒಳಗಿನ ಹಬೆಯೇ ಉಳಿದಷ್ಟನ್ನು ಬೇಯಿಸುತ್ತದೆ. ಮುಚ್ಚಳವನ್ನು ಮುಖದಿಂದ ಆಚೆಗೆ ಎತ್ತಬೇಕು, ಆ ಹಬೆ ಕೈ ಸುಡುವಷ್ಟು ಬಿಸಿಯಿರುತ್ತದೆ.

ನೀರು ಇಷ್ಟು ಕಡಿಮೆ ಇರುವುದರಿಂದ ನೀರಿನಲ್ಲಿ ಕರಗುವ ಸಿ ವಿಟಮಿನ್ ಬಸಿದು ಹೋಗುವುದೂ ಕಡಿಮೆ. ಹಾಗೆಂದು ನೀರನ್ನೇ ಹಾಕದಿದ್ದರೆ ಹೋಳುಗಳು ಸುರುಟುತ್ತವೆ. ಒಣ ಕ್ಯಾರೆಟ್ ಹೋಳಿನ ಚೂಪು ಅಂಚಿನಲ್ಲಿ ಒಮ್ಮೊಮ್ಮೆ ಕಿಡಿ ಕಾಣಿಸುವುದೂ ಉಂಟು. ಉಪ್ಪನ್ನು ಮೊದಲೇ ಉದುರಿಸಿದರೆ ಅದು ಬಿದ್ದ ಕಡೆ ಹೋಳು ಒಣಗಿ ಕಲೆಯಾಗುತ್ತದೆ. ಆದ್ದರಿಂದ ಉಪ್ಪು, ಒಗ್ಗರಣೆ, ಕಾಯಿತುರಿ ಎಲ್ಲ ಬೆಂದ ಮೇಲೆ ಸೇರಬೇಕು. ಇಡೀ ಆಲೂಗಡ್ಡೆಯನ್ನು ಇಡುವಾಗ ಸಿಪ್ಪೆಯನ್ನು ನಾಲ್ಕಾರು ಕಡೆ ಚುಚ್ಚಿರಬೇಕು, ಇಲ್ಲದಿದ್ದರೆ ಒಳಗಿನ ಹಬೆಗೆ ಅದು ಸಿಡಿಯುತ್ತದೆ.

ಅಳತೆ ಹೆಚ್ಚಾದಷ್ಟೂ ಈ ಒಲೆಯ ಅನುಕೂಲ ಕಡಿಮೆಯಾಗುತ್ತದೆ. ಅಕ್ಕಿ ಎರಡು ಲೋಟವಾದರೆ ಕುದಿ ಬರುವ ಸಮಯವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಕುದಿ ಹಿಡಿದಿಡುವ ಸಮಯ ಮಾತ್ರ ಅಷ್ಟು ಬೆಳೆಯುವುದಿಲ್ಲ. ಕರಾವಳಿಯ ಕುಚ್ಚಲಕ್ಕಿ ಹೆಚ್ಚು ನೀರಿನಲ್ಲಿ ಬಹಳ ಹೊತ್ತು ಬೆಂದು ಗಂಜಿ ಬಸಿಯಬೇಕಾದ ಅಕ್ಕಿ, ಅದಕ್ಕೆ ಮೈಕ್ರೊವೇವ್ ಹೊಂದುವುದಿಲ್ಲ. ನಾಲ್ಕೈದು ಜನರ ಮನೆಗೆ ಕುಕ್ಕರೇ ವಾಸಿ. ಒಬ್ಬರಿಗೋ ಇಬ್ಬರಿಗೋ ಬೆಳ್ತಿಗೆ ಅನ್ನ ಮತ್ತು ಒಂದು ಪಲ್ಯಕ್ಕಾದರೆ ಈ ಒಲೆ ಸಾಕು: ಅನ್ನ ಮುಚ್ಚಿಟ್ಟು ಅರಳುವ ಆ ಹತ್ತು ನಿಮಿಷದಲ್ಲೇ ತರಕಾರಿಯೂ ಬೆಂದಿರುತ್ತದೆ.