ಬೆಳಗಿನ ಓಟಗಾರರ ಹಿಮ್ಮಡಿ ನೋವು

ಪೊಲೀಸ್ ಇಲಾಖೆಗೋ ಸೈನ್ಯಕ್ಕೋ ಸೇರಬೇಕೆಂಬ ಆಸೆಯಿಂದ ನಸುಕಿನಲ್ಲೆದ್ದು ಓಡುವ ತರುಣರು ಈಗ ಪ್ರತಿಯೊಂದು ಊರಿನಲ್ಲೂ ಕಾಣುತ್ತಾರೆ. ಭರ್ತಿಯ ಪ್ರಕಟಣೆ ಹೊರಬಿದ್ದ ಮೇಲಂತೂ ಓಡುವವರ ಸಂಖ್ಯೆಯೂ ಓಡುವ ದೂರವೂ ಒಮ್ಮೆಲೇ ಏರುತ್ತವೆ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಅವರಲ್ಲಿ ಕೆಲವರು ಹಾಸಿಗೆಯಿಂದೆದ್ದು ನೆಲಕ್ಕೆ ಕಾಲಿಟ್ಟೊಡನೆ ಹಿಮ್ಮಡಿಯಲ್ಲಿ ಮುಳ್ಳು ಮುರಿದಂತಾಗಿ ಗೋಡೆ ಹಿಡಿದು ನಿಲ್ಲುತ್ತಾರೆ. ಮುಳ್ಳನ್ನು ಹುಡುಕಿದರೆ ಮುಳ್ಳಿರುವುದಿಲ್ಲ. ವೈದ್ಯರು ಇದಕ್ಕೆ ಪ್ಲಾಂಟರ್ ಫ್ಯಾಸಿಯೈಟಿಸ್ ಎನ್ನುತ್ತಾರೆ. ನಾನು ಓದಿರುವುದು ಕೃಷಿ ಡಿಪ್ಲೊಮಾ, ವೈದ್ಯಕೀಯವಲ್ಲ. ಆದರೂ ಸುತ್ತಾಟದಲ್ಲಿ ಈ ದೂರು ಹಲವು ಕಡೆ ಕಿವಿಗೆ ಬಿದ್ದುದರಿಂದ, ಬಲ್ಲವರಿಂದ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹಿಮ್ಮಡಿಯ ಮೂಳೆಯ ಕೆಳಗಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ನಾರಿನ ಪಟ್ಟಿ ಹರಡಿದೆ. ಅಂಗಾಲಿನ ಕಮಾನನ್ನು ಹಿಡಿದು ನಿಲ್ಲಿಸಿರುವುದು ಬಹುಮಟ್ಟಿಗೆ ಇದೇ. ಕಾಲಿನ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಬಗ್ಗಿಸಿ ನೋಡಿ: ಬಾವಿಯ ರಾಟೆಗೆ ಸುತ್ತಿದ ಹಗ್ಗದಂತೆ ಈ ಪಟ್ಟಿ ಬಿಗಿದು ಅಂಗಾಲಿನಲ್ಲಿ ಎದ್ದು ಕಾಣುತ್ತದೆ. ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ಹೀಗೆ ಬಿಗಿಯುತ್ತದೆ, ಸಡಿಲವಾಗುತ್ತದೆ. ಹೊಸದಾಗಿ ಹೂಡಿದ ಎತ್ತಿನಿಂದ ಮೊದಲ ದಿನವೇ ಎರಡೆಕರೆ ಉಳುವವರುಂಟೆ? ಕಾಲಿನ ವಿಷಯದಲ್ಲಿ ಮಾತ್ರ ನಾವು ಹಾಗೆಯೇ ಮಾಡುತ್ತೇವೆ. ತಾಳುವ ಶಕ್ತಿ ಬೆಳೆಯುವ ಮೊದಲೇ ಭಾರ ಏರಿದರೆ, ಪಟ್ಟಿ ಹಿಮ್ಮಡಿಯ ಮೂಳೆಗೆ ಅಂಟಿರುವ ಜಾಗ ನೋಯತೊಡಗುತ್ತದೆ. ಹಿಮ್ಮಡಿಯ ಕೆಳಗೆ, ಒಳಮಗ್ಗುಲಿಗೆ, ಹೆಬ್ಬೆರಳಿನಿಂದ ಒತ್ತಿದರೆ ನೋವಿನ ಬಿಂದು ಸರಿಯಾಗಿ ಸಿಗುತ್ತದೆ. ಎಕ್ಸ್‌ರೇಯಲ್ಲಿ ಅಲ್ಲಿ ಮೂಳೆ ಮೊನೆಯಂತೆ ಬೆಳೆದದ್ದು ಕಂಡರೆ ಗಾಬರಿಪಡಬೇಡಿ. ನೋವೇ ಇಲ್ಲದ ಅನೇಕರಲ್ಲಿಯೂ ಅದು ಇರುತ್ತದೆ.

ಈ ನೋವಿಗೆ ಒಂದು ಮೋಸದ ಗುಣವಿದೆ. ಮೊದಲ ಹೆಜ್ಜೆಗಳಲ್ಲಿ ಚುಚ್ಚುವ ನೋವು ಸ್ವಲ್ಪ ದೂರ ಓಡಿ ಮೈ ಬಿಸಿಯಾದ ಮೇಲೆ ಅಡಗುತ್ತದೆ. "ಓಡಿದರೆ ವಾಸಿಯಾಗುತ್ತದೆ" ಎಂದು ತರುಣನು ಇನ್ನೂ ಒಂದು ಸುತ್ತು ಹೆಚ್ಚು ಹಾಕುತ್ತಾನೆ. ಮನೆಗೆ ಬಂದು ಊಟಕ್ಕೆ ಕುಳಿತು ಏಳುವಾಗ ನೋವು ಮತ್ತೆ ಹಾಜರು. ಆದ್ದರಿಂದ ಓಡುವಾಗಿನ ನೋವನ್ನಷ್ಟೇ ನಂಬಬಾರದು. ಮಾರನೆಯ ಬೆಳಗಿನ ಮೊದಲ ಹೆಜ್ಜೆಯನ್ನು ನೋಡಬೇಕು. ಮೇಷ್ಟರು ಅಂಕ ಕೊಡುವಂತೆ ಆ ಹೆಜ್ಜೆಗೆ ಹತ್ತಕ್ಕೆ ಇಷ್ಟು ಎಂದು ದಿನವೂ ಗೋಡೆಯ ಪಂಚಾಂಗದ ಮೇಲೆ ಬರೆದಿಡಿ. ಮುಂದೆ ಹೇಳುವುದಕ್ಕೆಲ್ಲ ಈ ಅಂಕಿಯೇ ಅಳತೆ.

ಬೆಳಿಗ್ಗೆ ಕಾಲು ಕೆಳಗಿಡುವ ಮೊದಲೇ ಮಾಡಬೇಕಾದದ್ದು ಒಂದಿದೆ. ಹಾಸಿಗೆಯ ಮೇಲೆಯೇ ಕುಳಿತು ನೋಯುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲೆ ಹಾಕಿಕೊಂಡು, ಬೆರಳುಗಳನ್ನು ಮುಂಗಾಲಿನ ಕಡೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಿರಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಇನ್ನೊಂದು ಕೈಯಿಂದ ಅಂಗಾಲನ್ನು ಮುಟ್ಟಿದಾಗ ಪಟ್ಟಿ ಬಿಗಿದಿರುವುದು ತಿಳಿಯಬೇಕು.

ಆದರೆ ಎಳೆಯುವುದರಿಂದ ಮಾತ್ರ ಪಟ್ಟಿಗೆ ಬಲ ಬರುವುದಿಲ್ಲ. ಹದವರಿತು ಭಾರ ಹೊರಿಸಬೇಕು. ಡೆನ್ಮಾರ್ಕ್ ದೇಶದವರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಕ್ರಮ ಹೀಗಿದೆ. ಜಗುಲಿಯ ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನು ಮಾತ್ರ ಊರಿ, ಹಿಮ್ಮಡಿ ಹೊರಗಿರುವಂತೆ ನಿಲ್ಲಿ. (ಹೊಸ್ತಿಲ ಮೇಲೆ ಬೇಡ, ಹಿರಿಯರು ಸುಮ್ಮನಿರರು.) ಟವೆಲನ್ನು ಸುತ್ತಿ ಬೆರಳುಗಳ ಕೆಳಗಿಡಿ; ಬೆರಳು ಮೇಲಕ್ಕೆ ಬಾಗಿದರೆ ಪಟ್ಟಿಗೂ ಭಾರ ತಗಲುತ್ತದೆ. ಸಮತೋಲಕ್ಕೆ ಗೋಡೆ ಮುಟ್ಟಿಕೊಂಡು, ಮೂರು ಎಣಿಸುತ್ತ ಹಿಮ್ಮಡಿ ಎತ್ತಿ, ಎರಡು ಎಣಿಸುವವರೆಗೆ ತಡೆದು, ಮೂರು ಎಣಿಸುತ್ತ ಇಳಿಸಿ. ಒಂದೇ ಕಾಲಿನ ಮೇಲೆ ಇದನ್ನು ಮಾಡಬೇಕು. ಆಗದವರು ಎರಡೂ ಕಾಲಿನಿಂದ ಆರಂಭಿಸಲಿ. ಹನ್ನೆರಡು ಸಲಕ್ಕೆ ಒಂದು ಸರದಿ, ಒಂದು ನಿಲುಗಡೆಗೆ ಮೂರು ಸರದಿ. ಹದಿಮೂರನೆಯ ಸಲ ಎತ್ತಲಾಗದಷ್ಟು ಭಾರವಿರಬೇಕು, ಇಲ್ಲವಾದರೆ ಬೆನ್ನಿನ ಚೀಲಕ್ಕೆ ಪುಸ್ತಕವನ್ನೋ ರಾಗಿಯನ್ನೋ ತುಂಬಿಕೊಳ್ಳಿ. ಎರಡು ವಾರದ ನಂತರ ಭಾರ ಏರಿಸಿ ಹತ್ತರಂತೆ ನಾಲ್ಕು ಸರದಿ. ನಾಲ್ಕು ವಾರದ ನಂತರ ಎಂಟರಂತೆ ಐದು. ದಿನ ಬಿಟ್ಟು ದಿನ ಮಾತ್ರ. ನಡುವಿನ ಬಿಡುವಿನಲ್ಲಿಯೇ ಪಟ್ಟಿ ಸುಧಾರಿಸಿಕೊಳ್ಳುವುದು. ದಿನವೂ ಮಾಡಿದರೆ ಬೇಗ ಗುಣವೆಂಬುದು ತಪ್ಪು ಎಣಿಕೆ.

ಆ ಪ್ರಯೋಗದಲ್ಲಿ ಮೂರು ತಿಂಗಳ ಹೊತ್ತಿಗೆ, ಬರಿಯ ಎಳೆತ ಮಾಡಿದವರಿಗಿಂತ ಭಾರದ ವ್ಯಾಯಾಮ ಮಾಡಿದವರಿಗೆ ಹೆಚ್ಚು ಗುಣ ಕಂಡಿತು. ವರ್ಷದ ಹೊತ್ತಿಗೆ ಇಬ್ಬರೂ ಹೆಚ್ಚು ಕಡಿಮೆ ಸಮನಾದರು. ಮುಂದಿನ ಪ್ರಯೋಗಗಳಲ್ಲಿ ಇಷ್ಟು ಸ್ಪಷ್ಟ ಲಾಭ ತೋರಲಿಲ್ಲ. ಹಾಗಾಗಿ ಇದನ್ನು ರಾಮಬಾಣವೆನ್ನಲಾರೆ. ಖರ್ಚಿಲ್ಲ, ಹದ ಮೀರದಿದ್ದರೆ ಅಪಾಯ ಕಡಿಮೆ.

ನಮ್ಮ ವೃತ್ತದ 22 ವರ್ಷದ ತರುಣನೊಬ್ಬನ ಸಂಗತಿ ಕೇಳಿ. ದಿನಕ್ಕೆ ಎರಡು ಕಿಲೋಮೀಟರು ಓಡುತ್ತಿದ್ದವನು ಪ್ರಕಟಣೆ ಬಂದ ಹದಿನೈದು ದಿನಗಳಲ್ಲಿ ಆರಕ್ಕೆ ಏರಿಸಿದ. ಅದೂ ಡಾಂಬರು ರಸ್ತೆಯಲ್ಲಿ, ಅಟ್ಟೆ ಸವೆದ ಬೂಟಿನಲ್ಲಿ. ಬಲ ಹಿಮ್ಮಡಿ ಹಿಡಿಯಿತು. ಮೊದಲ ಹೆಜ್ಜೆಗೆ ಅವನು ಕೊಟ್ಟ ಅಂಕ ಏಳು. ಓಟವನ್ನು ಪೂರ್ತಿ ಬಿಡಲು ಅವನು ಒಪ್ಪಲಿಲ್ಲ, ಬಿಡಬೇಕಾದ್ದೂ ಇರಲಿಲ್ಲ. ದಿನ ಬಿಟ್ಟು ದಿನ ಎರಡು ಕಿಲೋಮೀಟರಿಗೆ ಇಳಿಸಿ, ಮಣ್ಣಿನ ದಾರಿ ಹಿಡಿದು, ಒಂದು ನಿಮಿಷ ಓಟ ಒಂದು ನಿಮಿಷ ನಡಿಗೆ ಮಾಡಿದ. ಓಟವಿಲ್ಲದ ದಿನ ಮೆಟ್ಟಿಲು. ಮನೆಯೊಳಗೂ ಬರಿಗಾಲಿನಲ್ಲಿ ಗಟ್ಟಿ ನೆಲ ತುಳಿಯದೆ ಮೆತ್ತನೆಯ ಚಪ್ಪಲಿ ಹಾಕಿಕೊಂಡ. ವ್ಯಾಯಾಮದ ಹೊತ್ತಿನಲ್ಲಿ ನಾಲ್ಕು ಅಂಕದವರೆಗಿನ ನೋವನ್ನು ಸಹಿಸಿದ. ಮೂರನೆಯ ವಾರಕ್ಕೆ ಮೊದಲ ಹೆಜ್ಜೆ ಐದಕ್ಕೆ ಬಂತು. ಐದನೆಯ ವಾರ ಗೆಳೆಯರೊಡನೆ ಪಂತಕ್ಕೆ 1600 ಮೀಟರು ಓಡಿದ. ಓಡುವಾಗ ಏನೂ ಅನಿಸಲಿಲ್ಲ, ಮಾರನೆಯ ಬೆಳಿಗ್ಗೆ ಮತ್ತೆ ಏಳು. ಆಗ ಚೀಲದ ಭಾರವನ್ನೂ ಓಟವನ್ನೂ ಒಂದು ವಾರ ಹಿಂದಿನ ಮಟ್ಟಕ್ಕೆ ಇಳಿಸಿದ. ಅಂಕ ಎರಡು ದಿನದೊಳಗೆ ಹಿಂದಿನ ಮಟ್ಟಕ್ಕೆ ಬಾರದಿದ್ದರೆ ಹೀಗೆ ಇಳಿಸಲೇಬೇಕು. ಹನ್ನೆರಡನೆಯ ವಾರಕ್ಕೆ ಅವನ ಅಂಕ ಒಂದು ಅಥವಾ ಎರಡು. ಓಟ ನಾಲ್ಕು ಕಿಲೋಮೀಟರು. ನೋವು ಪೂರ್ತಿ ಹೋಗಲು ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ.

ಹಿಮ್ಮಡಿಯ ಎಲ್ಲ ನೋವೂ ಇದೇ ಅಲ್ಲ. ಓಡಿದಷ್ಟೂ ಏರುವ, ರಾತ್ರಿ ಮಲಗಿದಾಗಲೂ ಬಿಡದ, ಹಿಮ್ಮಡಿಯನ್ನು ಎರಡು ಮಗ್ಗುಲಿಂದ ಅದುಮಿದರೆ ಹೆಚ್ಚುವ ನೋವು ಮೂಳೆಯ ಬಿರುಕಿನದಿರಬಹುದು. ಅಂಥವರು ಮೆಟ್ಟಿಲು ಹತ್ತದೆ ಮೊದಲು ವೈದ್ಯರಲ್ಲಿಗೆ ಹೋಗಲಿ. ಉರಿ, ಜೋಮು ಇದ್ದರೆ ನರದ ತೊಂದರೆಯಿರಬಹುದು. ಎರಡೂ ಹಿಮ್ಮಡಿ ನೋಯುತ್ತ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಸೊಂಟ ಬಿಗಿದಿರುವ ತರುಣರು ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅದು ಬೆನ್ನುಮೂಳೆಯ ವಾತರೋಗದ ಸೂಚನೆಯಿರಬಹುದು. ಸಕ್ಕರೆ ಕಾಯಿಲೆಯಿದ್ದವರು ವೈದ್ಯರನ್ನು ಕೇಳದೆ ಏನನ್ನೂ ತೊಡಗಬೇಡಿ.

ದೈಹಿಕ ಪರೀಕ್ಷೆಗೆ ಹತ್ತೇ ದಿನ ಉಳಿದಿರುವವರು ಈ ವ್ಯಾಯಾಮದಿಂದ ಅಷ್ಟರೊಳಗೆ ಗುಣ ನಿರೀಕ್ಷಿಸಬೇಡಿ. ಹೊಸದಾಗಿ ಭಾರ ಹೊತ್ತು ನೋವು ಏರಿಸಿಕೊಳ್ಳಲೂ ಬೇಡಿ. ಆ ದಿನಗಳಲ್ಲಿ ಓಟ ತಗ್ಗಿಸಿ, ಬೆಳಗಿನ ಎಳೆತ ಮಾಡಿ, ಸೈಕಲ್ ತುಳಿದು ದಮ್ಮು ಉಳಿಸಿಕೊಳ್ಳಿ. ಮೆಟ್ಟಿಲಿನ ಕೆಲಸವನ್ನು ಪರೀಕ್ಷೆ ಮುಗಿದ ವಾರದಿಂದ ಹಿಡಿಯಬಹುದು.